ಹಾಯ್, ಹಲೋ, ಹೇ: ಯಾರಿಗೆ ಯಾವುದು ಹೇಳಬೇಕು?

‘ಮ್ಯಾನೇಜರ್‌ಗೆ ಹಾಯ್ ಅಂದ್ರೆ ತಪ್ಪಾಗುತ್ತಾ?’ ಇಂಗ್ಲಿಷ್ ಕಲಿಯಲು ಶುರು ಮಾಡಿದವರು ಬೇಗನೆ ಕೇಳುವ ಪ್ರಶ್ನೆ ಇದು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದು ಕಡಿಮೆ. ಮೂರೂ ಪದಗಳಿಗೆ ಅರ್ಥ ಒಂದೇ ಅಂತ ಬರೆದು ಮುಂದೆ ಹೋಗಿರುತ್ತಾರೆ. ಆದರೆ ಹೊಸ ಕೆಲಸಕ್ಕೆ ಸೇರಿದ ದಿನ, ಮೇಲ್ ಬರೆಯಲು ಕೂತಾಗ, ಮೊದಲ ಪದದಲ್ಲೇ ಕೈ ನಿಂತುಬಿಡುತ್ತದೆ.

ಕೈ ನಿಲ್ಲುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಮರ್ಯಾದೆ ಮಾತಿನ ತುದಿಯಲ್ಲೇ ಕಾಣುತ್ತದೆ. ‘ಬಾ’ ಅಂದರೆ ಒಂದು, ‘ಬನ್ನಿ’ ಅಂದರೆ ಇನ್ನೊಂದು. ಇಂಗ್ಲಿಷಿನಲ್ಲಿ ಪುಟ್ಟ ಮಗುವಿಗೂ ಜಡ್ಜ್ ಸಾಹೇಬರಿಗೂ ‘ಯೂ’ ಒಂದೇ. ಹಾಗಾಗಿ ನಾವು ಆ ‘ನೀವು’ ಎಲ್ಲಿದೆ ಅಂತ ಹುಡುಕುತ್ತೇವೆ. ಹುಡುಕಿ, ಹಲೋ ಅಂದರೆ ಮರ್ಯಾದೆ, ಹಾಯ್ ಅಂದರೆ ಸಲುಗೆ, ಹೇ ಅಂದರೆ ಏಕವಚನ ಅಂತ ಲೆಕ್ಕ ಹಾಕಿಕೊಳ್ಳುತ್ತೇವೆ. ಈ ಲೆಕ್ಕ ಅರ್ಧ ಸರಿ. ಈ ಪದಗಳು ಮುಖ್ಯವಾಗಿ ಹೇಳುವುದು ಎದುರಿನವರು ಎಷ್ಟು ದೊಡ್ಡವರು ಅನ್ನುವುದನ್ನಲ್ಲ, ನಮಗೆ ಎಷ್ಟು ಹತ್ತಿರದವರು ಅನ್ನುವುದನ್ನು. ದಿನಾ ಜೊತೆಗೆ ಕೆಲಸ ಮಾಡುವ ಬಾಸ್‌ಗೆ ಹಾಯ್ ಅಂದರೆ ಅದು ಅಗೌರವವಲ್ಲ. ಪರಿಚಯವೇ ಇಲ್ಲದ ಚಿಕ್ಕ ವಯಸ್ಸಿನ ಗ್ರಾಹಕರಿಗೆ ಹೇ ಅಂದರೆ ಅದು ಸಲುಗೆ ಜಾಸ್ತಿಯಾಯಿತು. ಇದೊಂದು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಮೊದಲು, ಮೂರರ ಜಾಗ ಗುರುತಿಸಿಕೊಳ್ಳಿ

ಹಲೋ ನಡುವಿನ ಪದ. ಯಾರಿಗೆ ಬೇಕಾದರೂ ಹೇಳಬಹುದು. ಇದು ಜನರ ಬಾಯಿಗೆ ಬಂದದ್ದೇ ಟೆಲಿಫೋನ್ ಜೊತೆಗೆ. ಕರೆ ಬಂದಾಗ ಏನು ಹೇಳಬೇಕು ಅನ್ನುವ ಪ್ರಶ್ನೆ ಹುಟ್ಟಿದಾಗ ಗ್ರಹಾಂ ಬೆಲ್ ಅವರಿಗೆ ಇಷ್ಟವಾಗಿದ್ದು ಹಡಗಿನವರು ಕೂಗುವ ‘ಅಹೋಯ್’. 1877ರಲ್ಲಿ ಎಡಿಸನ್ ಅವರು ಒಂದು ಪತ್ರದಲ್ಲಿ, ಕರೆಗಂಟೆ ಬೇಕಾಗುವುದಿಲ್ಲ, ಹಲೋ ಅಂದರೆ ಹತ್ತಿಪ್ಪತ್ತು ಅಡಿ ದೂರಕ್ಕೂ ಕೇಳಿಸುತ್ತದೆ ಅಂತ ಬರೆದರು. ಉಳಿದಿದ್ದು ಎಡಿಸನ್ ಹೇಳಿದ್ದೇ. ಆ ಕಡೆ ಯಾರಿದ್ದಾರೆ ಅಂತ ಗೊತ್ತಿಲ್ಲದೆಯೇ ಹೇಳುವ ಪದವಾದ್ದರಿಂದ ಹಲೋಗೆ ಮೇಲು ಕೀಳು ಅಂಟಿಕೊಂಡಿಲ್ಲ.

ಹಾಯ್ ಇನ್ನೊಂದು ಹೆಜ್ಜೆ ಹತ್ತಿರದ್ದು. ಇವತ್ತು ಅಮೆರಿಕ, ಇಂಗ್ಲೆಂಡ್, ಬೆಂಗಳೂರು, ಎಲ್ಲ ಕಡೆಯ ಆಫೀಸುಗಳಲ್ಲೂ ದಿನಬಳಕೆಯ ಪದ ಇದೇ. ಮೂವತ್ತು ವರ್ಷ ಸರ್ವಿಸ್ ಆದವರೂ ಹೊಸಬರಿಗೆ ಹಾಯ್ ಅಂತಲೇ ಬರೆಯುತ್ತಾರೆ, ಹೊಸಬರೂ ಅವರಿಗೆ ಹಾಗೇ ಬರೆಯುತ್ತಾರೆ.

ಹೇ ಗೆಳೆಯರ ಪದ. ಎಚ್ಚರಿಕೆ ಬೇಕಿರುವುದು ಇದರಲ್ಲೇ. ನಮ್ಮ ಕಿವಿಗೆ ಇದು ‘ಏಯ್’ ಅಂತ ಕೇಳಿಸುತ್ತದೆ, ಆದ್ದರಿಂದ ಕೆಲವರು ಇದನ್ನು ಬೈಗುಳ ಅಂದುಕೊಳ್ಳುತ್ತಾರೆ. ಮೆತ್ತಗೆ, ಹೆಸರು ಸೇರಿಸಿ ಹೇಳಿದ ಹೇ ಬೈಗುಳವಲ್ಲ, ಪ್ರೀತಿ. ಆದರೆ ಪರಿಚಯವಿಲ್ಲದವರಿಗೆ, ಹೆಸರಿಲ್ಲದೆ, ಜೋರಾಗಿ ಹೇಳಿದರೆ ಅದು ನಿಜವಾಗಿಯೂ ನಮ್ಮ ‘ಏಯ್’ ಆಗಿಬಿಡುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳ ಮಾತು ಬೇರೆ. ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ ಕಡೆ ಅಂಗಡಿಯವರು, ಪಕ್ಕದ ಮನೆಯ ಅಜ್ಜಿ ಕೂಡ ಹೇ ಅಂತಾರೆ. ಅಲ್ಲಿ ಅದು ಹಾಯ್ ಇದ್ದ ಹಾಗೆ. ಮಗಳ ಮನೆಗೆ ಅಟ್ಲಾಂಟಾಕ್ಕೆ ಹೋದ ಅಪ್ಪ ಅಮ್ಮ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಈ ಮೂರರ ಮೇಲೆ ಇನ್ನೂ ಒಂದು ಮೆಟ್ಟಿಲಿದೆ. ಮಾತಿನಲ್ಲಿ ‘ಗುಡ್ ಮಾರ್ನಿಂಗ್’, ಬರಹದಲ್ಲಿ ‘ಡಿಯರ್’. ಇಂಟರ್‌ವ್ಯೂ, ಕೆಲಸದ ಅರ್ಜಿ, ವಿದೇಶದ ಪ್ರೊಫೆಸರ್‌ಗೆ ಬರೆಯುವ ಮೊದಲ ಮೇಲ್ ಇಂಥವಕ್ಕೆ ಆ ಮೆಟ್ಟಿಲು. ನಮ್ಮಲ್ಲಿ ರೂಢಿಯಲ್ಲಿರುವ ‘ರೆಸ್ಪೆಕ್ಟೆಡ್ ಸರ್’ ಇಲ್ಲಿನ ಕಾಲೇಜು, ಸರ್ಕಾರಿ ಕಚೇರಿಗೆ ಸರಿ. ಹೊರದೇಶದವರಿಗೆ ಅದು ಹಳೇ ಕಾಲದ ಅರ್ಜಿಯ ಥರ ಕಾಣುತ್ತದೆ, ಬಿಡುವುದೇ ಒಳ್ಳೆಯದು.

ಆಮೇಲೆ, ಹೆಸರು ಸರಿಯಾಗಿ ಹಾಕಿ

ನನ್ನ ಪ್ರಕಾರ ಹೊಸಬರು ಪದ ಆರಿಸುವುದರಲ್ಲಿ ತಲೆ ಕೆಡಿಸಿಕೊಂಡು, ಪದದ ಪಕ್ಕದಲ್ಲಿ ಬರುವುದನ್ನು ಮರೆಯುತ್ತಾರೆ. ಇಂಗ್ಲಿಷಿನಲ್ಲಿ ಮರ್ಯಾದೆಯ ಜಾಸ್ತಿ ಭಾರ ಬೀಳುವುದು ಹೆಸರಿನ ಮೇಲೆ. ‘ಹಾಯ್ ಡಾಕ್ಟರ್ ಮೆಹ್ತಾ’ ಅನ್ನುವುದರಲ್ಲಿ ಮರ್ಯಾದೆ ಇದೆ. ಬರೀ ‘ಹಲೋ’ ಅಂತ ಬರೆದು ನಿಲ್ಲಿಸಿದರೆ, ಇವರಿಗೆ ನನ್ನ ಹೆಸರು ನೋಡುವಷ್ಟೂ ಪುರುಸೊತ್ತಿಲ್ಲವಾ ಅನಿಸುತ್ತದೆ.

ಮಿಸ್ಟರ್, ಡಾಕ್ಟರ್, ಪ್ರೊಫೆಸರ್ ಇವುಗಳ ಮುಂದೆ ಬರಬೇಕಾದದ್ದು ಮನೆತನದ ಹೆಸರು, ಅಂದರೆ ಸರ್‌ನೇಮ್. ಡೇವಿಡ್ ವಿಲ್ಸನ್ ಅನ್ನುವವರು ‘ಮಿಸ್ಟರ್ ವಿಲ್ಸನ್’. ‘ಮಿಸ್ಟರ್ ಡೇವಿಡ್’ ಅಲ್ಲ. ಕರ್ನಾಟಕದಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇರುವುದೇ ಇಲ್ಲ, ಊರಿನ ಮತ್ತು ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ಹಾಗಾಗಿ ‘ಮಿಸ್ಟರ್ ರಮೇಶ್’ ಅನ್ನುವುದು ನಮಗೆ ಸಹಜ. ಅದೇ ಅಭ್ಯಾಸದಲ್ಲಿ ‘ಮಿಸ್ಟರ್ ಡೇವಿಡ್’ ಬಂದುಬಿಡುತ್ತದೆ. ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ.

ಹೆಂಗಸರಿಗೆ ಬರೆಯುವಾಗ ಎಂ, ಎಸ್ ಎರಡೇ ಅಕ್ಷರದ ‘ಮಿಜ್’ ಹಾಕಿ. ಮದುವೆಯಾಗಿದೆಯೋ ಇಲ್ಲವೋ ಅನ್ನುವ ಗೊಡವೆ ಅದಕ್ಕಿಲ್ಲ. ಅವರೇ ‘ಮಿಸೆಸ್’ ಅಂತ ಬರೆದುಕೊಂಡಿದ್ದರೆ ಆಗ ಅದನ್ನೇ ಬಳಸಿ. ಹೆಸರು ನೋಡಿ ಗಂಡಸೋ ಹೆಂಗಸೋ ತಿಳಿಯದಿದ್ದರೆ ಪೂರ್ತಿ ಹೆಸರು ಬರೆಯಿರಿ: ‘ಹಲೋ ಅಲೆಕ್ಸ್ ಟರ್ನರ್’. ಸ್ವಲ್ಪ ಬಿಗಿಯಾಗಿ ಕಾಣುತ್ತದೆ, ಆದರೆ ತಪ್ಪಾಗುವುದಿಲ್ಲ.

ಇನ್ನು ನಮ್ಮ ‘ಸರ್’, ‘ಮೇಡಂ’. ಬೆಂಗಳೂರಿನ ಆಫೀಸಿನಲ್ಲಿ ‘ಹಲೋ ಸರ್’ ಚೆನ್ನಾಗಿಯೇ ನಡೆಯುತ್ತದೆ. ‘ಹಾಯ್ ಸರ್’ ಕೂಡ ಈಗ ನಡೆಯುತ್ತದೆ, ಪರಿಚಯವಿದ್ದರೆ. ಕಾಲೇಜಿನ ಪ್ರಿನ್ಸಿಪಾಲರಿಗೆ, ಬ್ಯಾಂಕಿನ ಮ್ಯಾನೇಜರಿಗೆ ಅದನ್ನು ಹೇಳಬೇಡಿ. ‘ಗುಡ್ ಮಾರ್ನಿಂಗ್ ಸರ್’ ಅನ್ನಿ. ಕನ್ನಡ ಬರುವವರಾದರೆ ‘ನಮಸ್ಕಾರ ಸರ್’ ಅಂದರೆ ಎಲ್ಲಕ್ಕಿಂತ ವಾಸಿ. ‘ಹೇ ಸರ್’ ಮಾತ್ರ ಎಲ್ಲೂ ನಡೆಯುವುದಿಲ್ಲ. ಒಂದು ಪದ ಹೆಗಲ ಮೇಲೆ ಕೈ ಹಾಕುತ್ತದೆ, ಇನ್ನೊಂದು ಕೈ ಕಟ್ಟಿ ನಿಲ್ಲುತ್ತದೆ. ಎರಡೂ ಒಟ್ಟಿಗೆ ಆಗುವುದು ಹೇಗೆ?

‘ಹಾಯ್ ಡಿಯರ್’ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಯರ್ ಮುಂದೆ ಹೆಸರಿದ್ದರೆ ಅದು ಪತ್ರದ ಮರ್ಯಾದೆ. ಹೆಸರಿಲ್ಲದ ಬರೀ ಡಿಯರ್ ಅಂದರೆ ‘ಚಿನ್ನಾ’ ಅಂದ ಹಾಗೆ. ಆಫೀಸಿನಲ್ಲಿ ಒಬ್ಬ ಗಂಡಸು ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳಿಗೆ ಹೀಗೆ ಬರೆದರೆ ಎಚ್‌ಆರ್‌ವರೆಗೂ ಹೋಗಬಹುದು.

ಅವರು ಇಳಿದ ಮೇಲೆ ನೀವು ಇಳಿಯಿರಿ

ಯಾವಾಗ ಹಲೋದಿಂದ ಹಾಯ್‌ಗೆ ಬರಬೇಕು? ಇದನ್ನು ನೀವು ಊಹಿಸಬೇಕಾಗಿಲ್ಲ. ಎದುರಿನವರು ಬರೆದ ಉತ್ತರದಲ್ಲೇ ಇರುತ್ತದೆ. ಒಂದು ಉದಾಹರಣೆ ಹಿಡಿದು ನೋಡೋಣ.

ದೀಪಾ ಅಂತ ಒಬ್ಬ ಹುಡುಗಿ, ದಾವಣಗೆರೆಯವಳು ಅಂದುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮ್ಯಾಂಚೆಸ್ಟರ್‌ನ ಗ್ರಾಹಕರೊಬ್ಬರಿಗೆ ಮೊದಲ ಸಲ ಮೇಲ್ ಕಳಿಸಬೇಕು. ಅವರ ಹೆಸರು ಹೆಲೆನ್ ಕಾರ್ಟರ್. ಭೇಟಿಯಾಗಿಲ್ಲ, ಮಾತಾಡಿಲ್ಲ. ದೀಪಾ ‘ಡಿಯರ್ ಮಿಜ್ ಕಾರ್ಟರ್’ ಅಂತ ಬರೆಯುತ್ತಾಳೆ. ‘ಹಲೋ ಮಿಜ್ ಕಾರ್ಟರ್’ ಅಂತ ಬರೆದಿದ್ದರೂ ಸರಿಯೇ. ಅದರ ಮುಂದೆ ಅಲ್ಪವಿರಾಮ, ಸಾಲು ಬಿಟ್ಟು ವಿಷಯ. ತಾನು ಯಾರು, ಯಾಕೆ ಬರೆಯುತ್ತಿದ್ದೇನೆ ಅನ್ನುವುದು ಮೊದಲ ವಾಕ್ಯದಲ್ಲೇ ಬರುತ್ತದೆ. ಕೊನೆಗೆ ‘ದೀಪಾ’ ಅಂತ ಸಹಿ.

ಮಾರನೇ ದಿನ ಉತ್ತರ ಬರುತ್ತದೆ. ‘ಹಾಯ್ ದೀಪಾ’ ಅಂತ ಶುರುವಾಗಿದೆ, ಕೆಳಗೆ ‘ಥ್ಯಾಂಕ್ಸ್, ಹೆಲೆನ್’ ಅಂತಿದೆ. ಇಲ್ಲಿ ನೋಡಬೇಕಾದ್ದು ಎರಡು ಜಾಗ: ಶುರು ಮತ್ತು ಸಹಿ. ಅವರು ಹಾಯ್ ಅಂದಿದ್ದಾರೆ, ಬರೀ ಹೆಲೆನ್ ಅಂತ ಸಹಿ ಮಾಡಿದ್ದಾರೆ. ನನ್ನನ್ನು ಹೆಲೆನ್ ಅಂತ ಕರೆಯಿರಿ ಅಂತ ಬಾಯಿಬಿಟ್ಟು ಹೇಳುವುದರ ಬದಲು ಹೀಗೆ ಮಾಡುತ್ತಾರೆ. ಸಹಿಯೇ ಅನುಮತಿ. ಆದ್ದರಿಂದ ದೀಪಾಳ ಮುಂದಿನ ಮೇಲ್ ‘ಹಾಯ್ ಹೆಲೆನ್’ ಅಂತ ಶುರುವಾಗಬೇಕು.

ಹೊಸಬರಿಗೆ ಕಷ್ಟವಾಗುವುದು ಇಲ್ಲೇ. ನಮ್ಮಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವುದಾ ಅಂತ ಮನಸ್ಸು ಒಪ್ಪುವುದಿಲ್ಲ. ಸುಮ್ನೆ ಮತ್ತೆ ‘ಡಿಯರ್ ಮಿಜ್ ಕಾರ್ಟರ್’ ಅಂತ ಬರೆಯುತ್ತೇವೆ. ಒಂದು ಸಲ ಆದರೆ ಪರವಾಗಿಲ್ಲ. ನಾಲ್ಕೈದು ಸಲ ಹಾಗೇ ಮಾಡಿದರೆ ಅವರಿಗೆ ಬೇರೆಯೇ ಅರ್ಥವಾಗುತ್ತದೆ. ಇವಳಿಗೆ ನನ್ನ ಮೇಲೆ ಏನೋ ಬೇಸರ, ಅದಕ್ಕೇ ದೂರ ಇಡುತ್ತಿದ್ದಾಳೆ ಅಂತ. ನಾವು ಕೊಟ್ಟಿದ್ದು ಮರ್ಯಾದೆ, ಅವರಿಗೆ ತಲುಪಿದ್ದು ಮುನಿಸು.

ಎರಡು ವಾರದ ನಂತರ ಹೆಲೆನ್ ಚಾಟ್‌ನಲ್ಲಿ ‘ಹೇ ದೀಪಾ’ ಅಂತ ಕಳಿಸುತ್ತಾರೆ. ಈಗ ದೀಪಾ ಕೂಡ ಹೇ ಅನ್ನಬೇಕಾ? ಅನ್ನಬಹುದು, ಅನ್ನಲೇಬೇಕು ಅಂತೇನಿಲ್ಲ. ‘ಹಾಯ್ ಹೆಲೆನ್’ ಅಂದರೆ ಸಾಕು. ಅವರು ನಿಂತ ಮೆಟ್ಟಿಲಿನಲ್ಲೇ ನಿಲ್ಲಿ, ಇಲ್ಲವೇ ಒಂದು ಮೆಟ್ಟಿಲು ಮೇಲಿರಿ. ಅವರಿಗಿಂತ ಕೆಳಗೆ ಮೊದಲು ಇಳಿಯಬೇಡಿ. ಹಾಯ್‌ಗೆ ಹಲೋ ಸರಿ, ‘ಹೇ’ಗೆ ಹಾಯ್ ಸರಿ. ಹಲೋಗೆ ಹೇ ಸರಿಯಲ್ಲ.

ಮುಂದಿನ ತಿಂಗಳು ಹೆಲೆನ್ ಅವರ ನಿರ್ದೇಶಕ ಡೇವಿಡ್ ವಿಲ್ಸನ್ ಮೇಲ್‌ಗೆ ಸೇರಿಕೊಳ್ಳುತ್ತಾರೆ. ಒಬ್ಬರು ಪರಿಚಿತರು, ಒಬ್ಬರು ಹೊಸಬರು, ಜೊತೆಗೆ ದೊಡ್ಡ ಹುದ್ದೆ. ‘ಹಾಯ್ ಹೆಲೆನ್ ಅಂಡ್ ಮಿಸ್ಟರ್ ವಿಲ್ಸನ್’ ಅಂತ ಬರೆದರೆ ಒಬ್ಬರು ಗೆಳತಿ, ಇನ್ನೊಬ್ಬರು ಹೆಡ್‌ಮಾಸ್ಟರ್ ಆದ ಹಾಗಾಗುತ್ತದೆ. ಇಂಗ್ಲೆಂಡಿನ ಆಫೀಸುಗಳಲ್ಲಿ ಮೇಲಿನವರನ್ನೂ ಹೆಸರಿನಿಂದಲೇ ಕರೆಯುವುದು ಸಾಮಾನ್ಯ. ಆದ್ದರಿಂದ ‘ಹಲೋ ಹೆಲೆನ್ ಅಂಡ್ ಡೇವಿಡ್’ ಸರಿಯಾಗುತ್ತದೆ. ಹೊಸಬರೊಬ್ಬರು ಬಂದಿದ್ದರಿಂದ ದೀಪಾ ಹಾಯ್ ಬಿಟ್ಟು ಹಲೋಗೆ ಹತ್ತಿದ್ದಾಳೆ, ಹೆಸರುಗಳನ್ನು ಸಮನಾಗಿ ಇಟ್ಟಿದ್ದಾಳೆ. ಇಬ್ಬರೂ ಪರಿಚಯವಾದ ಮೇಲೆ ‘ಹಾಯ್ ಬೋತ್’ ಅನ್ನಬಹುದು, ಬ್ರಿಟಿಷರು ಅದನ್ನು ಬಹಳ ಬಳಸುತ್ತಾರೆ. ಮೂವರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ‘ಹಾಯ್ ಆಲ್’ ಅಥವಾ ‘ಹಲೋ ಎವರಿವನ್’. ‘ಹೇ ಗೈಸ್’ ನಿಮ್ಮ ಟೀಮಿನ ಒಳಗೆ ಇರಲಿ, ಅಲ್ಲೂ ಗೈಸ್ ಅಂದರೆ ಇಷ್ಟಪಡದ ಹೆಂಗಸರಿದ್ದಾರೆ.

ಇದೇ ದಾರಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರಿಗೂ. ಒಂದೇ ವ್ಯತ್ಯಾಸ, ಪ್ರೊಫೆಸರ್‌ಗಳು ಹೆಸರಿನಿಂದ ಸಹಿ ಮಾಡಿದರೂ ಒಂದೆರಡು ಮೇಲ್ ‘ಹಲೋ ಪ್ರೊಫೆಸರ್’ ಅಂತಲೇ ಇರಲಿ. ಅಲ್ಲಿ ಆ ಪದವಿಗೆ ಬೆಲೆ ಇದೆ. ಮೊದಲ ಮೇಲ್‌ನಲ್ಲೇ ‘ಹೇ’ ಅಂತ ಬರೆಯುವ ವಿದ್ಯಾರ್ಥಿಗಳ ಬಗ್ಗೆ ಪ್ರೊಫೆಸರ್‌ಗಳು ಗೊಣಗುವುದು ಹಳೇ ಕಥೆ.

ತಪ್ಪಾಗಿದೆ ಅಂತ ತಿಳಿಯುವುದು ಹೇಗೆ? ಇಂಗ್ಲಿಷಿನವರು ಅದನ್ನು ಬಾಯಿಬಿಟ್ಟು ಹೇಳುವುದು ತೀರಾ ಅಪರೂಪ. ನೀವು ಹಾಯ್ ಅಂತ ಬರೆದಿದ್ದೀರಿ, ಅವರ ಉತ್ತರ ‘ಡಿಯರ್ ಮಿಸ್ಟರ್ ಕುಮಾರ್’ ಅಂತ ಬಂದಿದೆ, ಪೂರ್ತಿ ಹೆಸರಿನ ಸಹಿ ಇದೆ ಅಂದರೆ, ನೀವು ಬೇಗ ಇಳಿದಿದ್ದೀರಿ ಅಂತ ಅರ್ಥ. ಕ್ಷಮೆ ಕೇಳಿ ದೊಡ್ಡ ವಿಷಯ ಮಾಡಬೇಡಿ. ಮುಂದಿನ ಮೇಲ್‌ನಲ್ಲಿ ನೀವೂ ‘ಡಿಯರ್’ಗೆ ಹತ್ತಿಬಿಡಿ, ಮುಗಿಯಿತು.

ಮಾತಾಡುವಾಗ ದನಿ ನೋಡಿಕೊಳ್ಳಿ

ಬರಹದಲ್ಲಿ ಹಲೋ ತಣ್ಣಗಿರುತ್ತದೆ. ಬಾಯಲ್ಲಿ ಅದಕ್ಕೆ ನಾಲ್ಕು ಮುಖ. ‘ಲೋ’ ಮೇಲೆ ಒತ್ತು ಕೊಟ್ಟು, ದನಿ ಇಳಿಸಿ, ಸಣ್ಣ ನಗೆಯ ಜೊತೆ ಹೇಳಿದರೆ ಅದು ವಂದನೆ. ದನಿ ಏರಿಸಿ ಕೇಳಿದರೆ ‘ಕೇಳಿಸ್ತಿದೆಯಾ?’ ಅಂತ, ಅದು ಫೋನಿನ ಹಲೋ. ಚುಟುಕಾಗಿ, ಬಿರುಸಾಗಿ ಹೇಳಿದರೆ ‘ಏನ್ರೀ, ಸರದಿ ಇಲ್ವಾ?’ ಅನ್ನುವ ಜಗಳದ ಹಲೋ. ಎಳೆದು ಎಳೆದು ‘ಹಲೋಓಓ’ ಅಂದರೆ ‘ತಲೆ ಓಡ್ತಾ ಇದೆಯಾ?’ ಅನ್ನುವ ಕುಹಕ. ಎದುರಾ ಎದುರು ನಿಂತವರಿಗೆ ಫೋನಿನ ಹಲೋ ಹೇಳಿದರೆ, ಅವರು ಏನೋ ಕೇಳಿಸಿಕೊಳ್ಳದೆ ಬಿಟ್ಟ ಹಾಗೆ ಕಂಗಾಲಾಗುತ್ತಾರೆ. ಹೊಸಬರು ಹೆದರಿಕೆಯಿಂದ ದನಿ ಏರಿಸುವುದರಿಂದ ಹೀಗಾಗುತ್ತದೆ. ದನಿ ಇಳಿಸುವುದನ್ನು ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿ.

ಇದೇ ಕಾರಣಕ್ಕೆ ಹೋಟೆಲಿನಲ್ಲಿ, ಅಂಗಡಿಯಲ್ಲಿ ಯಾರನ್ನಾದರೂ ಕರೆಯಲು ಹಲೋ, ಹೇ ಎರಡೂ ಬೇಡ. ನಮ್ಮಲ್ಲಿ ಸಪ್ಲೈಯರ್‌ನ್ನು ‘ಹಲೋ’ ಅಂತ ಕರೆಯುವವರಿದ್ದಾರೆ, ಕೈ ಚಪ್ಪಾಳೆಯೂ ಸೇರುತ್ತದೆ. ಇಂಗ್ಲಿಷ್ ಮಾತಾಡುವ ಊರುಗಳಲ್ಲಿ ಅದು ನೇರ ಅವಮಾನ. ‘ಎಕ್ಸ್‌ಕ್ಯೂಸ್ ಮಿ’ ಅನ್ನಿ. ಅವರು ತಿರುಗಿ ನೋಡಿದ ಮೇಲೆ ‘ಹಾಯ್’ ಅನ್ನಿ, ಆಮೇಲೆ ಬೇಕಾದ್ದು ಕೇಳಿ.

ಮಂಡ್ಯ, ಮೈಸೂರು ಕಡೆಯ ಹಳ್ಳಿ ಮಾತಿನಲ್ಲಿ ಹಳ್ಳಿ ‘ಅಳ್ಳಿ’ ಆಗುತ್ತದೆ, ಹಾಲು ‘ಆಲು’ ಆಗುತ್ತದೆ. ಮಾತಿಗೆ ಅದರದೇ ಸೊಗಸಿದೆ, ಇರಲಿ. ಆದರೆ ಅದೇ ನಾಲಿಗೆಯಲ್ಲಿ ಹಾಯ್ ‘ಆಯ್’ ಆದರೆ, ಕೇಳಿದವರು ‘ನಾನು’ ಅಂತಲೋ ‘ಕಣ್ಣು’ ಅಂತಲೋ ತಿಳಿದು ಮುಂದಿನ ಮಾತಿಗೆ ಕಾಯುತ್ತಾರೆ. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಹಾಯ್ ಅನ್ನಿ. ಅಂಗೈಗೆ ಬಿಸಿ ಉಸಿರು ತಾಗಿದರೆ ‘ಹ’ ಬಂದಿದೆ. ತಾಗದಿದ್ದರೆ ಮೊದಲು ಉಸಿರು ಬಿಟ್ಟು, ಅದರ ಬಾಲಕ್ಕೆ ‘ಆಯ್’ ಸೇರಿಸಿ.

ಹೇಯಲ್ಲಿ ಕೂಡ ದನಿಯೇ ಎಲ್ಲ. ಗೆಳೆಯರು ಬೇಸರದಲ್ಲಿದ್ದಾಗ ಮೆಲ್ಲಗೆ ಹೇಳುವ ಹೇ, ‘ಯಾಕೋ, ಏನಾಯ್ತು?’ ಅನ್ನುವಷ್ಟು ಮೃದು. ರಸ್ತೆಯಲ್ಲಿ ಬ್ಯಾಗು ಕಿತ್ತುಕೊಂಡು ಓಡುವವನಿಗೆ ಕೂಗುವುದೂ ಹೇ.

ಹೇಳಿದ ಮೇಲೆ ಏನು?

ಹಾಯ್ ಬೆನ್ನಿಗೆ ‘ಹೌ ಆರ್ ಯೂ’ ಬರುತ್ತದೆ. ಇಂಗ್ಲೆಂಡಿನಲ್ಲಾದರೆ ‘ಯೂ ಆಲ್‌ರೈಟ್?’ ಅಂತಾರೆ. ನನ್ನ ಮುಖ ಸಪ್ಪೆಯಾಗಿದೆಯಾ ಅಂತ ಗಾಬರಿಯಾಗಬೇಡಿ. ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ, ಇದೂ ವಂದನೆಯ ಇನ್ನೊಂದು ತುಂಡು. ‘ಗುಡ್, ಥ್ಯಾಂಕ್ಸ್. ಅಂಡ್ ಯೂ?’ ಅಂದರೆ ಸಾಕು. ಮೊಣಕಾಲು ನೋವಿನ ಕಥೆ ಅಲ್ಲಿ ಹೇಳಬಾರದು. ತಿರುಗಿ ‘ಅಂಡ್ ಯೂ’ ಕೇಳದೆ ಬಿಟ್ಟರೆ, ಅದು ಹಾಯ್ ಹಲೋ ಅದಲು ಬದಲಾದದ್ದಕ್ಕಿಂತ ಜಾಸ್ತಿ ಒರಟು.

ಚಾಟ್‌ನಲ್ಲಿ ಇನ್ನೊಂದು ಕಿರಿಕಿರಿ ಇದೆ. ‘ಹಾಯ್’ ಅಂತ ಒಂದೇ ಪದ ಕಳಿಸಿ ಉತ್ತರಕ್ಕೆ ಕಾಯುವುದು. ನಮಗೆ ಇದು ಬಾಗಿಲು ತಟ್ಟಿ ಒಳಗೆ ಬರುವ ಸಂಸ್ಕಾರ. ಆ ಕಡೆ ಇರುವವರಿಗೆ ಮೀಟಿಂಗ್ ನಡುವೆ ಫೋನ್ ಸದ್ದು ಮಾಡುತ್ತದೆ, ನೋಡಿದರೆ ಬರೀ ಹಾಯ್. ಏನು ವಿಷಯ ಅಂತ ಗೊತ್ತಿಲ್ಲ, ತುರ್ತಾ ಅಲ್ಲವಾ ಅದೂ ಗೊತ್ತಿಲ್ಲ. ವಂದನೆ ಮತ್ತು ವಿಷಯ ಒಂದೇ ಮೆಸೇಜಿನಲ್ಲಿ ಹೋಗಲಿ: ‘ಹಾಯ್ ಹೆಲೆನ್, ನಿನ್ನೆಯ ಬಿಲ್‌ನಲ್ಲಿ ದಿನಾಂಕ ತಪ್ಪಿದೆ, ಬದಲಾಯಿಸಿ ಕಳಿಸಲಾ?’ ಅನ್ನುವ ಹಾಗೆ. ಅದೇ ದಿನ ಎರಡನೇ ಸಲ, ಮೂರನೇ ಸಲ ಬರೆಯುವಾಗ ಮತ್ತೆ ಹಾಯ್ ಹೇಳುವ ಅಗತ್ಯವಿಲ್ಲ. ನೇರ ವಿಷಯಕ್ಕೆ ಬನ್ನಿ.

ಕೊನೆಯದಾಗಿ, ಸಂಜೆಯ ವಂದನೆ. ರಾತ್ರಿ ಎಂಟಕ್ಕೆ ಯಾರನ್ನಾದರೂ ಭೇಟಿಯಾದರೆ ‘ಗುಡ್ ನೈಟ್’ ಅನ್ನಬೇಡಿ. ಅದು ಹೊರಡುವಾಗ, ಮಲಗುವಾಗ ಹೇಳುವ ಮಾತು. ಬಾಗಿಲಲ್ಲೇ ಗುಡ್ ನೈಟ್ ಅಂದರೆ ‘ಬಂದೆ, ಹೊರಟೆ’ ಅಂದ ಹಾಗೆ. ಗಂಟೆ ಎಷ್ಟೇ ಆಗಿರಲಿ, ಬರುವಾಗ ‘ಗುಡ್ ಈವ್ನಿಂಗ್’. ಅನುಮಾನ ಬಂದರೆ ಹಲೋ ಅನ್ನಿ, ಅದಕ್ಕೆ ಗಡಿಯಾರ ನೋಡಬೇಕಿಲ್ಲ.